ಹನ್ನೆರಡು ಇಂಚಿನ ಬಾಕ್ಸ್‌ಗೆ 45 ಹರ್ಟ್ಸ್ ಪೋರ್ಟ್ ಕೂರಿಸಿದ ಕೆಲಸ

ಬೆಳಗಾವಿಯಲ್ಲಿ ಗಣೇಶ ಹಬ್ಬಕ್ಕೆ ಮುಂಚೆ ನನ್ನ ಕೈಗೆ ಬರುವ ಕೆಲಸ ಹೆಚ್ಚಾಗಿ ಒಂದೇ ಥರದ್ದು. ವೂಫರ್ ಸುಟ್ಟಿರುತ್ತದೆ, ಇಲ್ಲ ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿದು ಹಾಳಾಗಿರುತ್ತದೆ. ಬೈಲಹೊಂಗಲ ಕಡೆಯ ಒಂದು ಭಜನಾ ಮಂಡಳಿಯವರು ಹೊಸ ಬಾಕ್ಸ್ ಬೇಕು ಎಂದಾಗ ನಾನು ಮೊದಲು ಕೇಳಿದ್ದು, ಅದರಲ್ಲಿ ಏನು ನುಡಿಸುತ್ತೀರಿ ಅಂತ. ತಬಲಾ, ಢೋಲಕ್, ಕೀಬೋರ್ಡ್, ಹಬ್ಬದಲ್ಲಿ ರೆಕಾರ್ಡ್ ಹಾಡು ಎಂದರು. ಪೋರ್ಟ್, ಅಂದರೆ ಬಾಕ್ಸಿಗೆ ಕೂರಿಸುವ ತೆರೆದ ಪೈಪ್, ಎಷ್ಟು ಹರ್ಟ್ಸ್‌ಗೆ ಟ್ಯೂನ್ ಮಾಡಬೇಕು ಎನ್ನುವುದು ಈ ಉತ್ತರದ ಮೇಲೆ ನಿಂತಿದೆ.

ತಂದಿದ್ದ ವೂಫರ್ 12 ಇಂಚಿನದು. ಅದರ ಕಾಗದದಲ್ಲಿ Fs 45 ಹರ್ಟ್ಸ್, Qts 0.38, Vas 85 ಲೀಟರ್ ಎಂದಿತ್ತು. Fs ಎಂದರೆ ಬಾಕ್ಸ್ ಇಲ್ಲದೆ ಕೋನ್ ತಾನೇ ತೂಗುವ ಆವರ್ತನ, Qts ಎಂದರೆ ಆ ತೂಗಾಟ ಎಷ್ಟು ಬೇಗ ತಣಿಯುತ್ತದೆ ಎನ್ನುವ ಅಂಕಿ, Vas ಎಂದರೆ ಕೋನಿನ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಗಾತ್ರ. Qts ಇಷ್ಟಿದ್ದರೆ ಲೆಕ್ಕ ಸುಲಭ. Vas ಅನ್ನು 1.414ರಿಂದ ಭಾಗಿಸಿದರೆ ಬಾಕ್ಸಿನ ಗಾತ್ರ, ಅಂದರೆ 60 ಲೀಟರ್. ಟ್ಯೂನಿಂಗ್ Fs ಇದ್ದಷ್ಟೇ, 45 ಹರ್ಟ್ಸ್. ಇದೇ ವೂಫರನ್ನು ಇದೇ 60 ಲೀಟರಿನ ಮುಚ್ಚಿದ ಬಾಕ್ಸಿನಲ್ಲಿ ಇಟ್ಟರೆ ಬಾಸ್ ಸುಮಾರು 85 ಹರ್ಟ್ಸ್‌ಗೇ 3 ಡೆಸಿಬೆಲ್ ಇಳಿದಿರುತ್ತದೆ. ಪೋರ್ಟ್ ಇದ್ದರೆ ಅಷ್ಟೇ ಇಳಿತ 45ರಲ್ಲಿ. ಹತ್ತಿರ ಹತ್ತಿರ ಒಂದು ಸಪ್ತಕದಷ್ಟು ಬಾಸ್ ಬರೀ ಒಂದು ಪೈಪಿನಿಂದ ಸಿಕ್ಕಿತು.

ಅದು ಎಲ್ಲಿಂದ ಬರುತ್ತದೆ? ಪೈಪಿನೊಳಗಿನ ಗಾಳಿಗೆ ತೂಕವಿದೆ, ನನ್ನ ಪೈಪಿನಲ್ಲಿ ಸುಮಾರು 1.4 ಗ್ರಾಂ. ಬಾಕ್ಸಿನೊಳಗಿನ ಗಾಳಿ ಸ್ಪ್ರಿಂಗ್. ಈ ಎರಡೂ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ತಾವೇ ತೂಗುತ್ತವೆ. ಆ ಆವರ್ತನದಲ್ಲಿ ಕೋನಿನ ಹಿಂಬದಿಯ ಒತ್ತಡ ಪೈಪಿನ ಗಾಳಿಯನ್ನು ಜೋರಾಗಿ ಓಡಾಡಿಸುತ್ತದೆ. ಪೈಪಿನಿಂದ ಬರುವ ಸದ್ದು ಹಿಂಬದಿಯದೇ ಆದರೂ ತಿರುಗಿ ಬಂದಿರುತ್ತದೆ, ಮುಂದಿನ ಸದ್ದಿಗೆ ಎದುರಾಗದೆ ಕೂಡಿಕೊಳ್ಳುತ್ತದೆ. ಒಳಗಿನ ಒತ್ತಡ ಕೋನನ್ನು ಹಿಡಿದು ನಿಲ್ಲಿಸುವುದರಿಂದ ಕೋನ್ ಆಡುವುದೇ ಇಲ್ಲ ಎನ್ನಬಹುದು. ಆ ಸ್ವರದಲ್ಲಿ ಕೇಳಿಸುವುದೆಲ್ಲ ಪೈಪಿನ ಸದ್ದು.

ಪೈಪಿಗೆ ಪ್ಲಂಬಿಂಗ್ ಅಂಗಡಿಯ 110 ಮಿಲಿಮೀಟರ್ ಪಿವಿಸಿ ತಂದೆ. ಒಳವ್ಯಾಸ ಅಳೆದರೆ 10.4 ಸೆಂಟಿಮೀಟರ್. ಉದ್ದಕ್ಕೆ ನಾನು ಬಳಸುವ ಸೂತ್ರ ಇದು, ಪೈಪಿನ ಒಳವ್ಯಾಸ D ಮತ್ತು ಉದ್ದ L ಸೆಂಟಿಮೀಟರಿನಲ್ಲಿ, ಬಾಕ್ಸಿನ ಗಾತ್ರ V ಲೀಟರಿನಲ್ಲಿ, ಟ್ಯೂನಿಂಗ್ F ಹರ್ಟ್ಸ್‌ನಲ್ಲಿ:

```
L = 23562.5 × D² / (F² × V) − 0.732 × D
```

45 ಹರ್ಟ್ಸ್‌ಗೆ 13.4 ಸೆಂಟಿಮೀಟರ್ ಬಂತು. ಕೊನೆಯಲ್ಲಿ ಕಳೆಯುವ ಭಾಗವನ್ನು ಬಿಡಬಾರದು. ಪೈಪಿನ ಎರಡೂ ಬಾಯಿಯ ಹೊರಗಿನ ಗಾಳಿಯೂ ಸ್ವಲ್ಪ ಜೊತೆಗೆ ಓಡಾಡುತ್ತದೆ, ಅದರ ಲೆಕ್ಕ ಅದು. ಇನ್ನು 60 ಲೀಟರ್ ಎಂದರೆ ವೂಫರ್, ಪೈಪ್, ಒಳಗಿನ ಪಟ್ಟಿ ಎಲ್ಲ ಕಳೆದು ಉಳಿಯುವ ಜಾಗ. ಹಾಗಾಗಿ ಬಾಕ್ಸನ್ನು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಸ್ವಲ್ಪ ದೊಡ್ಡದೇ ಮಾಡಿದೆ. ಪೈಪನ್ನು ಬೇಕೆಂದೇ 16 ಸೆಂಟಿಮೀಟರಿಗೆ ಕತ್ತರಿಸಿದೆ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಆದರೆ ಬೇರೆ ಪೈಪೇ ಬೇಕು ಅಲ್ವಾ.

ಅಳೆಯಲು ದೊಡ್ಡ ಸಾಮಾನು ಬೇಡ. ಆಂಪ್ಲಿಫೈಯರ್ ಮತ್ತು ವೂಫರ್ ನಡುವೆ 100 ಓಮ್‌ನ 5 ವಾಟ್ ರೆಸಿಸ್ಟರ್ ಹಾಕಿದೆ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ಸೈನ್ ಸ್ವರ ಕೊಟ್ಟು, ವೂಫರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ನೋಡುತ್ತಾ ಹೋದೆ. ಪೋರ್ಟ್ ಬಾಕ್ಸಿನಲ್ಲಿ ವೋಲ್ಟೇಜ್ ಎರಡು ಕಡೆ ಏರುತ್ತದೆ, ನಡುವೆ ಒಂದು ತಗ್ಗು ಇರುತ್ತದೆ. ನನಗೆ ಸುಮಾರು 24 ಮತ್ತು 78 ಹರ್ಟ್ಸ್‌ನಲ್ಲಿ ಏರು ಸಿಕ್ಕಿತು, ತಗ್ಗು 42ರ ಹತ್ತಿರ. ಆ ತಗ್ಗೇ ಟ್ಯೂನಿಂಗ್. ರೆಸಿಸ್ಟರ್ ತೆಗೆದು ಅದೇ ಸ್ವರವನ್ನು ಸ್ವಲ್ಪ ಜೋರು ಕೊಟ್ಟರೆ ಕೋನ್ ನಿಂತಂತೆ ಕಾಣುತ್ತದೆ, ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಬಡಿಯುತ್ತದೆ. ಎರಡೂ ಒಪ್ಪಿದ ಮೇಲೆ ಪೈಪನ್ನು ಎರಡೂವರೆ ಸೆಂಟಿಮೀಟರ್ ಕತ್ತರಿಸಿ 45ಕ್ಕೆ ತಂದೆ.

ಭಜನೆಗೆ ಬಾಕ್ಸ್ ಚೆನ್ನಾಗಿ ನಡೆಯಿತು. ಹಬ್ಬ ಹತ್ತಿರ ಬಂದಾಗ ಮಂಡಳಿಯ ಹುಡುಗನೊಬ್ಬ ಬಂದ. "ಅಣ್ಣಾರ, ಡಿಜೆ ಹಾಡಿನ್ಯಾಗ ಬಾಸ್ ಕೆಲವು ಕಡೆ ಬರಂಗಿಲ್ರಿ. ಸೌಂಡ್ ಏರಿಸಿದ್ರ ಒಳಗ ಟಕ್ ಟಕ್ ಅಂತೈತ್ರಿ." ಹಾಡು ಹಾಕಿ ನೋಡಿದೆ. ಬಾಸ್ ಸ್ವರ 30 ಹರ್ಟ್ಸ್ ತನಕ ಜಾರುತ್ತಿತ್ತು. ಕೋನ್ ಕಣ್ಣಿಗೆ ಕಾಣುವಷ್ಟು ಒಳಗೆ ಹೊರಗೆ ಹೋಗುತ್ತಿತ್ತು, ಸದ್ದು ಮಾತ್ರ ಇಲ್ಲ. ಕಾಯಿಲ್ ಪ್ಲೇಟಿಗೆ ಬಡಿಯುವ ಸದ್ದೇ ಅವನು ಹೇಳಿದ ಟಕ್ ಟಕ್.

ಟ್ಯೂನಿಂಗ್ ಕೆಳಗೆ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಸ್ವರ ನಿಧಾನವಾದಂತೆ ಪೈಪಿನ ಗಾಳಿ ಕೋನ್ ತಳ್ಳಿದಂತೆ ಸುಮ್ನೆ ಹೋಗಿ ಬರುತ್ತದೆ. ಕೋನ್ ಮುಂದೆ ತಳ್ಳಿದಾಗ ಪೈಪ್ ಒಳಗೆ ಎಳೆಯುತ್ತದೆ, ಹೊರಗೆ ಎರಡೂ ಒಂದನ್ನೊಂದು ಅಳಿಸಿ ಹಾಕುತ್ತವೆ. ಅದಕ್ಕೇ ಮುಚ್ಚಿದ ಬಾಕ್ಸಿನಲ್ಲಿ ಸಪ್ತಕಕ್ಕೆ 12 ಡೆಸಿಬೆಲ್ ಇಳಿಯುವ ಬಾಸ್ ಇಲ್ಲಿ 24 ಇಳಿಯುತ್ತದೆ. ನನ್ನ ಬಾಕ್ಸಿನಲ್ಲಿ 30 ಹರ್ಟ್ಸ್‌ಗೆ ಸುಮಾರು 14 ಡೆಸಿಬೆಲ್ ಇಳಿತ. ಅದನ್ನು ವಾಲ್ಯೂಮ್‌ನಿಂದ ತುಂಬಿಸಲು 25 ಪಟ್ಟು ಪವರ್ ಬೇಕು. ಸುಮಾರು 28 ಹರ್ಟ್ಸ್ ಕೆಳಗೆ ಹೋದರೆ ಅದೇ ಗಾತ್ರದ ಮುಚ್ಚಿದ ಬಾಕ್ಸೇ ಇದಕ್ಕಿಂತ ಜಾಸ್ತಿ ಕೇಳಿಸುತ್ತದೆ.

ಎರಡನೆಯದು ಇನ್ನೂ ಅಪಾಯದ್ದು. ಗಾಳಿ ಪೈಪಿನಿಂದ ಆಚೆ ಹೋಗುವುದರಿಂದ ಕೋನಿನ ಹಿಂದೆ ಸ್ಪ್ರಿಂಗ್ ಉಳಿಯುವುದಿಲ್ಲ. ವೂಫರನ್ನು ಬಾಕ್ಸಿನಿಂದ ಬಿಚ್ಚಿ ಟೇಬಲ್ ಮೇಲೆ ಇಟ್ಟಂತೆಯೇ ಅದು ಆಡುತ್ತದೆ. ಟ್ಯೂನಿಂಗ್‌ಗಿಂತ ತುಂಬಾ ಕೆಳಗೆ ಈ ಕೋನ್ ಮುಚ್ಚಿದ ಬಾಕ್ಸಿಗಿಂತ ಸುಮಾರು 2.4 ಪಟ್ಟು ಜಾಸ್ತಿ ಓಡುತ್ತದೆ. ಕಿವಿಗೆ ಬಾಸ್ ಕೇಳದ ಕಾರಣ ಹುಡುಗರು ಇನ್ನಷ್ಟು ಏರಿಸುತ್ತಾರೆ. ಕಾಯಿಲ್ ಹೋಗುವುದು ಹೀಗೆ.

"ಹಂಗಾರ ಪೈಪ್ ಉದ್ದ ಮಾಡಿ 30ಕ್ಕ ಇಳಸ್ರಲಾ" ಎಂದ. ಅದೇ ಪೈಪ್ 30 ಹರ್ಟ್ಸ್‌ಗೆ ಸುಮಾರು 40 ಸೆಂಟಿಮೀಟರ್ ಬೇಕು. ಬಾಕ್ಸಿನ ಒಳ ಆಳವೇ 40. ಪೈಪಿನ ಒಳತುದಿಗೂ ಹಿಂದಿನ ಹಲಗೆಗೂ ಒಂದು ವ್ಯಾಸದಷ್ಟಾದರೂ ಜಾಗ ಬಿಡಬೇಕು. ಸಣ್ಣ ವ್ಯಾಸದ ಪೈಪ್ ಹಾಕಿದರೆ ಗಿಡ್ಡವಾಗುತ್ತದೆ, ಆದರೆ ಜೋರಿನಲ್ಲಿ ಗಾಳಿ ಭುಸ್ ಅನ್ನುತ್ತದೆ. ಎಲ್ಬೋ ಹಾಕಿ ಹೇಗೋ ಕೂರಿಸಿದರೂ 45 ಹರ್ಟ್ಸ್ Fs ಇರುವ ಈ ವೂಫರಿಗೆ ಅದು ಹೊಂದುವುದಿಲ್ಲ. 40ರಿಂದ 60ರ ನಡುವೆ, ಅಂದರೆ ಡ್ರಮ್ಮಿನ ಏಟು ಇರುವಲ್ಲೇ, ಬಾಸ್ ಸೊರಗುತ್ತದೆ. ಅದನ್ನು ನಾನು ಮಾಡಲಿಲ್ಲ.

ಮಾಡಿದ್ದು ಒಂದೇ. ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಅವರ ಕ್ರಾಸ್‌ಓವರ್‌ನಲ್ಲಿ ತೀರಾ ಕೆಳಗಿನ ಸ್ವರ ತಡೆಯುವ ಲೋ ಕಟ್ ಇತ್ತು, ಆಫ್ ಆಗಿತ್ತು. ಅದನ್ನು 40 ಹರ್ಟ್ಸ್, ಸಪ್ತಕಕ್ಕೆ 24 ಡೆಸಿಬೆಲ್‌ಗೆ ಇಟ್ಟೆ. ಟ್ಯೂನಿಂಗ್‌ನ 0.9ರಷ್ಟು. ಅದೇ ಹಾಡು, ಅದೇ ವಾಲ್ಯೂಮ್. ಟಕ್ ಟಕ್ ನಿಂತಿತು, ಕೋನ್ ಓಟ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಕೇಳುವ ಬಾಸ್‌ನಲ್ಲಿ ವ್ಯತ್ಯಾಸ ಹುಡುಗನಿಗೂ ಗೊತ್ತಾಗಲಿಲ್ಲ. ಐದು ತಂತಿಯ ಬಾಸ್ ಗಿಟಾರಿನ ಕೆಳ ತಂತಿ 31 ಹರ್ಟ್ಸ್, ಅಂಥದ್ದು ಪೂರ್ತಿ ಬೇಕೆಂದರೆ ಬೇರೆ ವೂಫರ್, ಇನ್ನೂ ದೊಡ್ಡ ಬಾಕ್ಸ್ ಬೇಕು ಎಂದು ಹೇಳಿ ಕಳಿಸಿದೆ. ಲೋ ಕಟ್ ನಾಬ್ ಮೇಲೆ 40ರ ಗುರುತಿಗೆ ಪೇಂಟ್ ಚುಕ್ಕೆ ಇಟ್ಟುಕೊಟ್ಟಿದ್ದೇನೆ. ಈಗ ಪೋರ್ಟ್ ಇರುವ ಯಾವ ಬಾಕ್ಸ್ ಕೊಟ್ಟರೂ ಅದರ ಟ್ಯೂನಿಂಗ್ ಅಂಕಿಯನ್ನು ಹಿಂದಿನ ಹಲಗೆಯ ಮೇಲೆ ಬರೆದೇ ಕೊಡುತ್ತೇನೆ.