ಗೇಜಿನಲ್ಲಿ 200, ಸ್ವಿಚ್‌ನಲ್ಲಿ ಕೆಂಪು ದೀಪ

ನನ್ನದು ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ ಪೆಟ್ರೋಲ್ ಕಾರು. ಒಂದು ಬೆಳಿಗ್ಗೆ ಗ್ಯಾಸ್ ತುಂಬಿಸಿಕೊಂಡು ಹೊರಟರೆ ಪೆಟ್ರೋಲ್-ಗ್ಯಾಸ್ ಬದಲಾಯಿಸುವ ಸ್ವಿಚ್ ಮೇಲೆ ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಅದು ಗ್ಯಾಸ್ ಮುಗಿಯುತ್ತಾ ಬಂತು ಅನ್ನೋ ದೀಪ. ಗ್ಯಾಸ್ ಲೆವೆಲ್ ತೋರಿಸುವ ನಾಲ್ಕು ಹಸಿರು ದೀಪಗಳಲ್ಲಿ ಒಂದೂ ಬಂದಿರಲಿಲ್ಲ.

ಕಾರು ಮಾತ್ರ ಎಂದಿನಂತೆ ಮೊದಲು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಯಿತು. ಗ್ಯಾಸ್ ದೀಪ ಸ್ವಲ್ಪ ಹೊತ್ತು ಮಿಟುಕಿತು. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಬಿಸಿಯಾದ ಮೇಲೆ ದೀಪ ನಿಂತು ಉರಿದು, ಗಾಡಿ ಗ್ಯಾಸ್‌ಗೆ ಬದಲಾಯಿತು. ಗ್ಯಾಸ್ ಖಾಲಿಯಾಗಿದ್ದರೆ ಇದು ಆಗುತ್ತಲೇ ಇರಲಿಲ್ಲ, ಅಲ್ವಾ? ಬೀಪ್ ಬೀಪ್ ಅಂತ ಕೂಗಿ ತಾನೇ ಪೆಟ್ರೋಲ್‌ಗೆ ಹೋಗಿಬಿಡುತ್ತಿತ್ತು. ನನ್ನ ಕಿಟ್‌ನಲ್ಲಿ ಆ ತೀರ್ಮಾನ ಮಾಡುವುದು ರೆಡ್ಯೂಸರ್‌ನಿಂದ ಬರುವ ಒತ್ತಡ ನೋಡಿ. ಲೆವೆಲ್ ದೀಪಗಳ ಸೆನ್ಸರ್ ಬೇರೆ.

ಮನೆಗೆ ಬಂದು ಬಾನೆಟ್ ಎತ್ತಿದೆ. ಗೇಜಿನ ಮುಳ್ಳು 200 ಬಾರ್ ಹತ್ತಿರ ಇತ್ತು. ಅಂದರೆ ಗ್ಯಾಸ್ ಇದೆ, ಸುದ್ದಿ ಮಾತ್ರ ಸ್ವಿಚ್‌ಗೆ ಮುಟ್ಟುತ್ತಿಲ್ಲ. ಸ್ವಿಚ್‌ಗೆ ಲೆವೆಲ್ ಹೇಳುವ ಸೆನ್ಸರ್ ಈ ಗೇಜಿನ ಬೆನ್ನಿಗೇ ಇರುತ್ತದೆ, ಅದರಿಂದ ಸಣ್ಣ ಕನೆಕ್ಟರ್‌ನಲ್ಲಿ ವೈರು ಹೊರಡುತ್ತದೆ. ಹಿಂದಿನ ವಾರ ಇಂಜಿನ್ ಮೇಲೆ ಜೋರಾಗಿ ನೀರು ಬಿಟ್ಟು ತೊಳೆಸಿದ್ದು ಆಗ ನೆನಪಾಯಿತು.

ಕೀ ತೆಗೆದು, ಕನೆಕ್ಟರ್ ಬಿಡಿಸಿ ನೋಡಿದೆ. ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ನಾನು ಮುಟ್ಟಿದ್ದು ವೈರು ಮಾತ್ರ. ಗೇಜಿಗೆ ಬರುವ ಪೈಪು, ಅದರ ನಟ್ಟು ಯಾವುದಕ್ಕೂ ಸ್ಪ್ಯಾನರ್ ಹಾಕಬೇಡಿ. ಒಳಗೆ 200 ಬಾರ್ ಒತ್ತಡ ಇರುತ್ತದೆ.

ಕೀ ಹಾಕಿದೆ, ಹಸಿರು ದೀಪ ಬಂತು. ಆದರೆ ಮೂರೇ! ಅದಾದ ಮೇಲೆ ಪ್ರತಿ ಸಲವೂ ಹೀಗೇ. ಬಂಕ್ ಬಿಟ್ಟಾಗ ನಾಲ್ಕು, ಅರ್ಧ ಗಂಟೆಗೆ ಮೂರು. ಗ್ಯಾಸ್ ಸೋರುತ್ತಿದೆಯೇನೋ ಅಂತ ಭಯವಾಗಿ ಸೋಪು ನೀರು ಹಚ್ಚಿಯೂ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಕಿಟ್ ಮೆಕ್ಯಾನಿಕ್ ಹತ್ತಿರ ಹೋದೆ.

"ಸರ್, ಬೇಗ ಬೇಗ ತುಂಬಿಸಿದಾಗ ಸಿಲಿಂಡರ್ ಒಳಗೆ ಗ್ಯಾಸ್ ಬಿಸಿಯಾಗುತ್ತೆ. ತಣ್ಣಗಾದರೆ ಒತ್ತಡ ಇಳಿಯುತ್ತೆ. ಗ್ಯಾಸ್ ಅಷ್ಟೇ ಇರುತ್ತೆ," ಅಂದರು.

ದೀಪಗಳು ತೋರಿಸುವುದು ಒತ್ತಡ, ಕೆಜಿ ಅಲ್ಲ. ನನ್ನ ಗಾಡಿಯಲ್ಲಿ ನಾಲ್ಕನೇ ದೀಪದ ಮಿತಿ ತೀರಾ ಮೇಲೆ ಇಟ್ಟಿದ್ದರು. ಅವರು ಲ್ಯಾಪ್‌ಟಾಪ್ ಜೋಡಿಸಿ, ಗೇಜಿನ ಮುಳ್ಳು ನೋಡುತ್ತಾ ಅದನ್ನು ಸ್ವಲ್ಪ ಇಳಿಸಿದರು. ಹತ್ತು ನಿಮಿಷದ ಕೆಲಸ.

ಈಗ ಪ್ರತಿ ದೀಪ ಆರಿದಾಗಲೂ ಕಿಲೋಮೀಟರ್ ಬರೆದಿಡುತ್ತೇನೆ. ಮೊದಲ ದೀಪಕ್ಕೆ 70 ಕಿ.ಮೀ. ಓಡಿದರೆ ಕೊನೆಯದಕ್ಕೆ 40 ಕೂಡ ಓಡುವುದಿಲ್ಲ. ಹಾಗಾಗಿ ಒಂದೇ ಹಸಿರು ದೀಪ ಉಳಿದಾಗ ಬಂಕ್ ಕಡೆ ತಿರುಗಿಸುತ್ತೇನೆ.