ಭಾಷಣಕಾರರ ಬ್ಯಾನರ್: ತಲೆಯ ಸುತ್ತ ಬಿಳಿ ಗೆರೆ ಬಾರದಂತೆ ಮಾಡುವುದು ಹೇಗೆ?

ವಿಚಾರ ಸಂಕಿರಣದ ಬ್ಯಾನರ್‌ಗಳಲ್ಲಿ ಭಾಷಣಕಾರರ ತಲೆಯ ಸುತ್ತ ಬಿಳಿ ಗೆರೆ ಇರುವುದನ್ನು ನೀವೂ ನೋಡಿರುತ್ತೀರಿ. ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ. ಮೈಸೂರಿನಲ್ಲಿ ಇನ್ನೊಂದು ಕಾಟ, ಹಿಂದೆ ಅರಮನೆ ಇರಲೇಬೇಕು ಎನ್ನುವ ಹಠ. ಗುಮ್ಮಟ ಸರಿಯಾಗಿ ನೆತ್ತಿಯ ಮೇಲೆ ಬಂದು, ಪಾಪ, ಪ್ರೊಫೆಸರ್‌ಗೆ ಟೋಪಿ ಇಟ್ಟಂತಾಗಿರುತ್ತದೆ.

ಮಂಡ್ಯದ ಒಂದು ಕಾರ್ಯಕ್ರಮಕ್ಕೆ ನಾನು ಮಾಡಿದ ಬ್ಯಾನರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಾತನಾಡುವವರು ಕಾಲೇಜಿನ ಮೇಡಂ, ವಿಷಯ ‘ಕಬ್ಬಿಗೆ ಹನಿ ನೀರಾವರಿ’. ಸಭಾಂಗಣದ ಪರದೆಗೆ ಬೇಕಾದ ಅಳತೆ 1920 × 1080 ಪಿಕ್ಸೆಲ್.

ಮೊದಲು ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿದರೆ ಅದು ಕುಗ್ಗಿ, ಕೂದಲಿನ ಎಳೆಗಳೆಲ್ಲ ಕಲಸಿಹೋಗುತ್ತವೆ. “ಮೇಡಂ, ಡಾಕ್ಯುಮೆಂಟ್ ಆಗಿ ಕಳಿಸಿ” ಎಂದು ಕೇಳಿ. ಹಿಂದೆ ತಿಳಿಬಣ್ಣದ ಖಾಲಿ ಗೋಡೆ ಇದ್ದರೆ ಅರ್ಧ ಕೆಲಸ ಆದಂತೆ.

ಆಮೇಲೆ ಅಕ್ಷರದ ಜಾಗ ಗುರುತಿಸಿ. ಹಿನ್ನೆಲೆ ಮಾಡುವ ಮುಂಚೆಯೇ ಈ ಕೆಲಸ ಆಗಬೇಕು. ನಾನು ಎಡಗಡೆ 1,100 ಪಿಕ್ಸೆಲ್ ಅಗಲದ ಚೌಕ ಹಾಕಿಟ್ಟೆ. ಮೇಡಂ ಮುಖ ಎಡಕ್ಕೆ ತಿರುಗಿತ್ತು, ಹಾಗಾಗಿ ಅವರನ್ನು ಬಲಕ್ಕೆ ಇಟ್ಟೆ. ನೋಟ ಹೆಸರಿನ ಕಡೆಗೇ ಇರಬೇಕು. ಮುಖ ಆಚೆ ತಿರುಗಿದ್ದರೆ ಜಾಗ ಬದಲಿಸಿ, ಫೋಟೊವನ್ನು ಮಾತ್ರ ಅಡ್ಡ ತಿರುಗಿಸಬೇಡಿ. ಎಡಭುಜದ ಸೆರಗು ಬಲಭುಜಕ್ಕೆ ಹೋಗುತ್ತದೆ, ಮನೆಯವರು ಮೊದಲು ನೋಡುವುದೇ ಅದನ್ನು.

ಹಿನ್ನೆಲೆಗೆ ಎರಡೇ ಬಣ್ಣ ಸಾಕು. ತಿಳಿಹಸಿರಿನ ಮೇಲೆ ಅದಕ್ಕಿಂತ ಸ್ವಲ್ಪ ಗಾಢ ಹಸಿರಿನಲ್ಲಿ ಕಬ್ಬಿನ ಗರಿಯಂಥ ಓರೆ ಪಟ್ಟಿಗಳು, ಅದೂ ಬಲಗಡೆ ಮಾತ್ರ. ಅಕ್ಷರದ ಚೌಕದೊಳಗೆ ಒಂದು ಗರಿಯೂ ಬರಕೂಡದು.

ಈಗ ಕೂದಲು. ಎಲ್ಲರೂ ಎಡವುವುದು ಇಲ್ಲೇ. ಹಿನ್ನೆಲೆ ತೆಗೆದುಕೊಡುವ ವೆಬ್‌ಸೈಟುಗಳು ಪುಕ್ಕಟೆಗೆ ಕೊಡುವುದು ಎಷ್ಟೋ ಸಲ ಚಿಕ್ಕ ಚಿತ್ರ. ಕೂದಲಿನ ಎಳೆಗಳ ನಡುವೆ ಹಳೆಯ ಗೋಡೆಯ ಬಣ್ಣವೂ ಉಳಿದಿರುತ್ತದೆ. ಬಿಳಿ ಗೆರೆ ಬರುವುದು ಅದರಿಂದಲೇ. ಅದನ್ನು ಮುಚ್ಚಲು ಸುತ್ತ ಹೊಳಪು ಹಾಕುವವರಿದ್ದಾರೆ. ದಯವಿಟ್ಟು ಬೇಡ, ದೇವರ ಪಟದ ಪ್ರಭಾವಳಿ ಹಾಗೆ ಕಾಣುತ್ತದೆ.

ಅದರ ಬದಲು ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೇ ಫೋಟೊವನ್ನು ಎರಡು ಲೇಯರ್ ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಕೆಳಗಿನದರ ಬ್ಲೆಂಡ್ ಮೋಡ್ `Multiply` ಇರಲಿ. ಈ ಮೋಡ್‌ನಲ್ಲಿ ಅಚ್ಚ ಬಿಳಿ ಮಾಯವಾಗುತ್ತದೆ, ಕಪ್ಪು ಹಾಗೇ ಉಳಿಯುತ್ತದೆ. ಗೋಡೆ ಹೋಗಿ, ಕೂದಲಿನ ಎಳೆಗಳು ಹಸಿರಿನ ಮೇಲೆ ಒಂದೊಂದಾಗಿ ನಿಲ್ಲುತ್ತವೆ. ಆದರೆ ಮೇಡಂ ಮನೆಯ ಗೋಡೆ ಕೆನೆಬಣ್ಣದ್ದು. ಅದು ತಲೆಯ ಸುತ್ತ ಕೊಳಕು ನೆರಳಿನಂತೆ ಉಳಿಯಿತು. `Levels` ತೆರೆದು ಬಿಳಿಯ ತುದಿಯನ್ನು ನೆರಳು ಮಾಯವಾಗುವವರೆಗೆ ಮಾತ್ರ ಎಡಕ್ಕೆ ತಂದೆ. ಜಾಸ್ತಿ ಎಳೆದರೆ ಸಣ್ಣ ಎಳೆಗಳೂ ಹೋಗುತ್ತವೆ. ಈ ಲೇಯರ್‌ನಲ್ಲಿ ಕೂದಲಂಚು ಬಿಟ್ಟು ಉಳಿದದ್ದನ್ನು ಮಾಸ್ಕ್‌ನಿಂದ ಮರೆಮಾಡಿ.

ಮೇಲಿನ ಲೇಯರ್ ಮಾಮೂಲಿ ಮೋಡ್‌ನಲ್ಲೇ ಇರಲಿ. ಅದರಲ್ಲಿ ಮುಖ, ಸೀರೆ, ಕೂದಲಿನ ದಟ್ಟ ಭಾಗ ಮಾತ್ರ ಉಳಿಯಬೇಕು. ತಲೆಯ ಕಡೆ ಮಾಸ್ಕಿನ ಅಂಚನ್ನು ಕೂದಲಿನೊಳಕ್ಕೆ ಸ್ವಲ್ಪ ತಳ್ಳಿ, ಮೆತ್ತಗಿನ ಬ್ರಷ್‌ನಲ್ಲಿ ಸವರಿ. ಭುಜದ ಕಡೆ ಅಂಚು ಗಟ್ಟಿಯಾಗಿಯೇ ಇರಲಿ. ಎರೇಸರ್ ಮುಟ್ಟಬೇಡಿ. ಮಾಸ್ಕ್ ತಪ್ಪಿದರೆ ಮತ್ತೆ ಬಳಿಯಬಹುದು, ಅಳಿಸಿದ್ದು ಹೋಯಿತು ಅಂದರೆ ಹೋಯಿತು.

ನರೆಗೂದಲಿನವರಿಗೆ ಇದು ನಡೆಯುವುದಿಲ್ಲ, ಗೋಡೆಯ ಜೊತೆ ಕೂದಲೂ ಮಾಯ! ಅಂಥವರ ಫೋಟೊ ಮಾಮೂಲಾಗಿ ಕತ್ತರಿಸಿ, ಹಳೆಯ ಗೋಡೆಯಷ್ಟೇ ತಿಳಿಯಾದ ಹಿನ್ನೆಲೆ ಕೊಡಿ. ಅಂಚು ಉಳಿದರೂ ಕಾಣುವುದಿಲ್ಲ.

ಕೊನೆಗೆ ಅಕ್ಷರ. ಹೆಸರು ದೊಡ್ಡದು, ವಿಷಯ ಅದರ ಕೆಳಗೆ, ಎರಡೂ ಗಾಢ ಹಸಿರಿನಲ್ಲಿ. ಫಾಂಟ್‌ಗಳಲ್ಲಿ ನನಗೆ ‘ಬಾಲೂ ತಮ್ಮ 2’ ಇಷ್ಟ. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲದು. ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ನಾನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡುತ್ತೇನೆ. ವಿಷಯಕ್ಕೆ ಎರಡು ಸಾಲಿನ ಜಾಗ ಬಿಡಿ. ಇಂದು ಒಂದೇ ಸಾಲಿರಬಹುದು, ನಾಳೆ ಸಂಘಟಕರು ‘ಒಂದು ಅವಲೋಕನ’ ಸೇರಿಸದೆ ಬಿಡುವುದಿಲ್ಲ.

`PNG` ಆಗಿ ಉಳಿಸಿ. ಕಳಿಸುವಾಗ ಅದನ್ನೂ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಇದೇ ಫೈಲನ್ನು ಆರಡಿ ಫ್ಲೆಕ್ಸ್‌ಗೂ ಕೊಡಿ ಎಂದು ಯಾರಾದರೂ ಕೇಳಿದರೆ ಆಗಲ್ಲ ಅನ್ನಿ. ಅಗಲದಲ್ಲಿ ಇಂಚಿಗೆ 27 ಪಿಕ್ಸೆಲ್ ಕೂಡ ಸಿಗುವುದಿಲ್ಲ, ಹತ್ತಿರ ನಿಂತವರಿಗೆ ಮುಖ ಚೌಕಚೌಕವಾಗಿ ಕಾಣುತ್ತದೆ.