ತುಣುಕುಗಳಲ್ಲಿ ಓದಿಸಿದ ವರದಿಗೆ ಒಂದೇ ತೀರ್ಪು: ನಾನು ಕಂಡುಕೊಂಡ ದಾರಿ

ಉದ್ದದ ವರದಿಗಳನ್ನು ಭಾಷಾ ಮಾದರಿಯಿಂದ ಓದಿಸಿ, ನಿಗದಿತ ಮಾನದಂಡಗಳನ್ನು ಅವು ಪೂರೈಸಿವೆಯೇ ಎಂದು ಪರಿಶೀಲಿಸುವ ವ್ಯವಸ್ಥೆಯೊಂದನ್ನು ನಾನು ಕಟ್ಟಿ ನಡೆಸುತ್ತಿದ್ದೇನೆ. ನೂರು ಪುಟದ ವರದಿಯೂ ಒಂದೇ ಸಲಕ್ಕೆ ಮಾದರಿಯ ಮಿತಿಯೊಳಗೆ ಹಿಡಿಸುವ ಕಾಲವಿದು. ಆದರೂ ನಾನು ವರದಿಯನ್ನು ತುಣುಕು ಮಾಡಿಯೇ ಕೊಡುತ್ತೇನೆ. ಉದ್ದದ ಪಠ್ಯದ ನಡುವೆ ಹುದುಗಿದ ವಿಷಯವನ್ನು ಹಲವು ಮಾದರಿಗಳು ಆರಂಭ, ಅಂತ್ಯಗಳಲ್ಲಿರುವುದರಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ ಎಂಬುದು 2023ರಲ್ಲೇ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಅನುಬಂಧದ ಅಡಿಟಿಪ್ಪಣಿಯನ್ನೂ ಬಿಡದೆ ನೋಡಬೇಕಾದ ಕೆಲಸದಲ್ಲಿ ಆ ಅಪಾಯವನ್ನು ಹೊರಲು ನನಗೆ ಮನಸ್ಸಿಲ್ಲ.

ತುಣುಕು ಮಾಡುವುದು ಸುಲಭ. ಶೀರ್ಷಿಕೆಗಳಿರುವಲ್ಲಿ ಕತ್ತರಿಸುತ್ತೇನೆ, ಕೋಷ್ಟಕವನ್ನು ಎಂದಿಗೂ ಸೀಳುವುದಿಲ್ಲ, ಅಡಿಟಿಪ್ಪಣಿಯನ್ನು ಅದು ಸೇರಿದ ವಾಕ್ಯದ ಜೊತೆಗೇ ಇಡುತ್ತೇನೆ. ಪ್ರತಿ ತುಣುಕಿನ ತಲೆಯಲ್ಲಿ ವರದಿಯ ವಿಷಯಸೂಚಿ, ವರದಿಯೇ ಕೊಟ್ಟ ವ್ಯಾಖ್ಯೆಗಳು ಮತ್ತು ‘ನೀವು ಈಗ ಓದುತ್ತಿರುವುದು ಈ ಭಾಗ’ ಎಂಬ ಒಂದು ಸಾಲು ಇರುತ್ತವೆ. ಈ ತಲೆಬರಹ ಹಿನ್ನೆಲೆಗೆ ಮಾತ್ರ, ಅದರಿಂದ ಪುರಾವೆ ಎತ್ತಿಕೊಳ್ಳಬಾರದು ಎಂದು ಪ್ರಾಂಪ್ಟಿನಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ವಿಷಯಸೂಚಿಯಲ್ಲಿ ‘ಅಧ್ಯಯನದ ಮಿತಿಗಳು’ ಎಂಬ ಶೀರ್ಷಿಕೆ ಕಂಡ ಕೂಡಲೇ ಮಾದರಿ ಪ್ರತಿ ತುಣುಕಿನಲ್ಲೂ ‘ಮಿತಿಗಳನ್ನು ಹೇಳಲಾಗಿದೆ’ ಎಂದು ಉತ್ತರಿಸುತ್ತದೆ.

ಕಷ್ಟವಿರುವುದು ಒಗ್ಗೂಡಿಸುವುದರಲ್ಲಿ. ಒಂದು ತುಣುಕು ಹೌದೆಂದು, ಇನ್ನೊಂದು ಅಲ್ಲವೆಂದು ಹೇಳಿದಾಗ ಬಹುಮತಕ್ಕೆ ಬಿಡುವುದು, ಇಲ್ಲವೇ ಎಲ್ಲ ತೀರ್ಪುಗಳನ್ನೂ ಮತ್ತೊಮ್ಮೆ ಮಾದರಿಗೇ ಕೊಟ್ಟು ‘ಸಾರಾಂಶ ಹೇಳು’ ಎನ್ನುವುದು ಸಾಮಾನ್ಯ ರೂಢಿ. ಎರಡನ್ನೂ ನಾನು ಒಪ್ಪುವುದಿಲ್ಲ. ಮಿತಿಗಳ ವಿಭಾಗ ಮೂವತ್ತರಲ್ಲಿ ಒಂದೇ ತುಣುಕಿನಲ್ಲಿ ಇರುತ್ತದೆ; ಅಲ್ಲಿ ಬಹುಮತಕ್ಕೆ ಅರ್ಥವೇ ಇಲ್ಲ. ಸಾರಾಂಶ ಬರೆಯುವ ಮಾದರಿಯಾದರೋ ಪುರಾವೆಯನ್ನು ನೋಡದೆ ತೀರ್ಪುಗಳ ಮಾತುಗಳನ್ನಷ್ಟೇ ತೂಗುತ್ತದೆ. ಗಟ್ಟಿಯಾಗಿ ಹೇಳಿದ ತಪ್ಪು ಮೆಲ್ಲಗೆ ಹೇಳಿದ ಸತ್ಯವನ್ನು ಸೋಲಿಸುತ್ತದೆ.

ನನ್ನ ವ್ಯವಸ್ಥೆ ನಿಂತಿರುವುದು ಒಂದು ನಿಲುವಿನ ಮೇಲೆ: ವರದಿಯ ಬಗ್ಗೆ ತೀರ್ಪು ಕೊಡುವ ಅಧಿಕಾರ ತುಣುಕಿಗೆ ಇಲ್ಲ. ತುಣುಕು ಸಾಕ್ಷಿ ಹೇಳಬಹುದು, ಅಷ್ಟೇ. ಆದ್ದರಿಂದ ‘ಪೂರೈಸಿದೆ’, ‘ಪೂರೈಸಿಲ್ಲ’ ಎಂಬ ಉತ್ತರಗಳನ್ನು ತುಣುಕಿನ ಹಂತದಲ್ಲಿ ನಾನು ಕೇಳುವುದೇ ಇಲ್ಲ. ಕೇಳುವುದು ಮೂರನ್ನು: ಇಲ್ಲಿ ಮಾನದಂಡವನ್ನು ಬೆಂಬಲಿಸುವ ಮಾತಿದೆಯೇ, ಅದನ್ನು ಮುರಿಯುವ ಮಾತಿದೆಯೇ, ಅಥವಾ ಈ ಭಾಗ ಅದರ ಬಗ್ಗೆ ಮೌನವಾಗಿದೆಯೇ. ಮೊದಲೆರಡು ಉತ್ತರಗಳ ಜೊತೆ ವರದಿಯ ವಾಕ್ಯವನ್ನು ಅಕ್ಷರಶಃ ಉದ್ಧರಿಸಲೇಬೇಕು. ಆ ವಾಕ್ಯ ತುಣುಕಿನಲ್ಲಿ ನಿಜವಾಗಿಯೂ ಇದೆಯೇ ಎಂದು ಪ್ರೋಗ್ರಾಂ ಹುಡುಕಿ ನೋಡುತ್ತದೆ. ಸಿಗದಿದ್ದರೆ ಆ ಸಾಕ್ಷಿ ಬಿದ್ದುಹೋಗುತ್ತದೆ. ಮೂರನ್ನೂ ಬಿಟ್ಟು ನಾಲ್ಕನೆಯ ಸ್ಥಿತಿಯೊಂದಿದೆ, ಅದನ್ನು ದಾಖಲಿಸುವುದು ಪ್ರೋಗ್ರಾಮಿನ ಹೊಣೆ: ಮಾದರಿಯಿಂದ ಉತ್ತರವೇ ಬರಲಿಲ್ಲ, ಬಂದರೂ ಓದಲಾಗಲಿಲ್ಲ. ಇದನ್ನು ಮೌನದ ಜೊತೆ ಬೆರೆಸಿದರೆ ನೋಡದ ಭಾಗವನ್ನೂ ‘ನೋಡಿದೆವು, ಏನೂ ಇರಲಿಲ್ಲ’ ಎಂದು ಲೆಕ್ಕಕ್ಕೆ ತೆಗೆದುಕೊಂಡಂತಾಗುತ್ತದೆ.

ವಿರೋಧಾಭಾಸಗಳಲ್ಲಿ ಹೆಚ್ಚಿನವು ಇಲ್ಲಿಗೇ ಮಾಯವಾಗುತ್ತವೆ. ‘ಇಲ್ಲಿಲ್ಲ’ ಎಂಬುದನ್ನು ‘ವರದಿಯಲ್ಲೇ ಇಲ್ಲ’ ಎಂದು ಹೇಳಿದ್ದರಿಂದ ಹುಟ್ಟಿದ ಜಗಳಗಳು ಅವು.

ಮುಂದಿನ ಹೆಜ್ಜೆ ಮಾನದಂಡಗಳನ್ನು ಬಗೆಗಳಾಗಿ ವಿಂಗಡಿಸುವುದು. ವರದಿಯನ್ನು ಮುಟ್ಟುವ ಮೊದಲೇ ನಾನು ಕೈಯಾರೆ ಇದನ್ನು ಮಾಡುತ್ತೇನೆ. ‘ಅಧ್ಯಯನದ ಮಿತಿಗಳನ್ನು ಹೇಳಿರಬೇಕು’ ಎಂಬುದಕ್ಕೆ ಎಲ್ಲಾದರೂ ಒಂದು ಕಡೆ ಬೆಂಬಲ ಸಿಕ್ಕರೆ ಸಾಕು. ‘ಪ್ರತಿ ಕೋಷ್ಟಕಕ್ಕೂ ಮೂಲ ನಮೂದಿಸಿರಬೇಕು’ ಎಂಬುದನ್ನು ಒಂದೇ ಒಂದು ಉಲ್ಲಂಘನೆ ಬೀಳಿಸುತ್ತದೆ. ‘ಅಧ್ಯಯನದಲ್ಲಿದ್ದವರ ಸಂಖ್ಯೆ ವರದಿಯುದ್ದಕ್ಕೂ ಒಂದಕ್ಕೊಂದು ಹೊಂದಬೇಕು’ ಎಂಬುದು ಮೂರನೆಯ ಬಗೆ. ಅದನ್ನು ಯಾವ ತುಣುಕೂ ಒಂಟಿಯಾಗಿ ಹೇಳಲಾರದು. ಮೊದಲೆರಡು ಬಗೆಗಳನ್ನು ಒಗ್ಗೂಡಿಸಲು ಮಾದರಿಯ ಅಗತ್ಯವೇ ಇಲ್ಲ, ಕೆಲವು ಸಾಲಿನ ಕೋಡ್ ಸಾಕು. ಅದರಲ್ಲಿ `exists` ಎಂದರೆ ‘ಎಲ್ಲಾದರೂ’ ಬಗೆ, `all` ಎಂದರೆ ‘ಪ್ರತಿಯೊಂದೂ’ ಬಗೆ, `missing` ಎಂದರೆ ಉತ್ತರ ಸಿಗದ ತುಣುಕು:

```python
def merge(kind, votes):
    if kind == "exists" and "support" in votes:
        return "met"
    if kind == "all" and "violate" in votes:
        return "not_met"
    if "missing" in votes:
        return "incomplete"
    if kind == "exists":
        return "not_met"
    return "met" if "support" in votes else "not_applicable"
```

ಸಾಲುಗಳ ಕ್ರಮವನ್ನು ಗಮನಿಸಬೇಕು. ಬೆಂಬಲ ಸಿಕ್ಕಿದ ಮೇಲೆ ಒಂದು ತುಣುಕು ಓದದೆ ಉಳಿದಿದ್ದರೂ ‘ಎಲ್ಲಾದರೂ’ ಬಗೆಯ ತೀರ್ಪು ಬದಲಾಗುವುದಿಲ್ಲ. ಬೆಂಬಲ ಸಿಗದಿದ್ದಾಗ ಮಾತ್ರ ಆ ಓದದ ತುಣುಕು ತೀರ್ಪನ್ನು ತಡೆಯುತ್ತದೆ. ಕೊನೆಯ ಸಾಲೂ ಮುಖ್ಯ: ಕೋಷ್ಟಕವೇ ಇಲ್ಲದ ವರದಿಗೆ ‘ಎಲ್ಲ ಕೋಷ್ಟಕಗಳಿಗೂ ಮೂಲವಿದೆ’ ಎಂಬ ಪ್ರಶಸ್ತಿ ಕೊಡುವುದು ಸರಿಯಲ್ಲ.

ಇಲ್ಲಿ ಒಂದು ಅಂಕಗಣಿತವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೋಡ್ ಸರಿಯಿದ್ದರೂ ಫಲಿತಾಂಶ ಕೆಡುವುದು ಇದರಿಂದ. ಇಲ್ಲದ ಉಲ್ಲಂಘನೆಯನ್ನು ಮಾದರಿ ಕಾಣುವ ಸಾಧ್ಯತೆ ಒಂದು ತುಣುಕಿಗೆ ಶೇಕಡ 3 ಎಂದಿಟ್ಟುಕೊಳ್ಳೋಣ. ಬಿಡಿಯಾಗಿ ನೋಡಿದರೆ ಇದು ಸಣ್ಣದು. ಆದರೆ ಮೂವತ್ತು ತುಣುಕುಗಳಲ್ಲಿ ಒಂದಾದರೂ ಹಾಗೆ ತಪ್ಪುವ ಸಾಧ್ಯತೆ ಸುಮಾರು ಶೇಕಡ 60 ಆಗುತ್ತದೆ (0.97ರ ಮೂವತ್ತನೆಯ ಘಾತ ಸುಮಾರು 0.40). ಅಂದರೆ ನಿರ್ದೋಷಿ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಪ್ರತಿಯೊಂದೂ’ ಬಗೆಯ ಮಾನದಂಡದಲ್ಲಿ ಬೀಳುತ್ತವೆ, ಅದೂ ಉದ್ದವಾಗಿವೆ ಎಂಬ ಕಾರಣಕ್ಕೆ. ‘ಎಲ್ಲಾದರೂ’ ಬಗೆಯಲ್ಲಿ ಇದೇ ದೋಷ ತಿರುಗುಮುರುಗಾಗಿ, ಉದ್ದದ ವರದಿಗಳು ಅರ್ಹತೆಯಿಲ್ಲದೆ ಗೆಲ್ಲುತ್ತವೆ. ಆದ್ದರಿಂದ ತೀರ್ಪನ್ನು ನಿರ್ಧರಿಸುವ ಪ್ರತಿ ಸಾಕ್ಷಿಯನ್ನೂ ಎರಡನೆಯ ಸಲ ವಿಚಾರಿಸುತ್ತೇನೆ: ಉದ್ಧೃತ ವಾಕ್ಯ, ಅದರ ಹಿಂದುಮುಂದಿನ ಪ್ಯಾರಾ, ಮಾನದಂಡ, ಇಷ್ಟೇ. ಮೊದಲ ಸುತ್ತಿನ ಅಭಿಪ್ರಾಯವನ್ನು ಅಲ್ಲಿ ತೋರಿಸುವುದಿಲ್ಲ, ತೋರಿಸಿದರೆ ಮಾದರಿ ಅದಕ್ಕೇ ತಲೆಯಾಡಿಸುತ್ತದೆ. ಎರಡೂ ಸುತ್ತಿನಲ್ಲಿ ಉಳಿದ ಸಾಕ್ಷಿ ಮಾತ್ರ `merge` ತಲುಪುತ್ತದೆ. ಬಿದ್ದುಹೋದದ್ದರ ಜಾಗದಲ್ಲಿ ಮೌನ ಎಂದು ಬರೆಯುತ್ತೇನೆ.

ಈಗ ಮೂರನೆಯ ಬಗೆ. ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇದರಲ್ಲಿದೆ. ತರಬೇತಿ ಕಾರ್ಯಕ್ರಮವೊಂದರ ಮೌಲ್ಯಮಾಪನ ವರದಿಯನ್ನು ಹೋಲುವ ಒಂದು ಪ್ರಕರಣವನ್ನು ಬಿಡಿಸುತ್ತೇನೆ. ಕಾರ್ಯನಿರ್ವಾಹಕ ಸಾರಾಂಶ ಹೇಳುತ್ತದೆ: ‘ಭಾಗವಹಿಸಿದ 412 ಜನರಲ್ಲಿ ಶೇಕಡ 71ರಷ್ಟು ಮಂದಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದರು.’ ನಾಲ್ಕನೆಯ ಅಧ್ಯಾಯ ಹೇಳುತ್ತದೆ: ‘398 ಜನರ ದತ್ತಾಂಶವನ್ನು ವಿಶ್ಲೇಷಿಸಲಾಗಿದೆ.’ ಫಲಿತಾಂಶದ ಕೋಷ್ಟಕದಲ್ಲಿ ಉತ್ತೀರ್ಣರಾದವರು 283. ಅನುಬಂಧದ ಅಡಿಟಿಪ್ಪಣಿಯೊಂದರಲ್ಲಿ, 14 ಮಂದಿ ನಡುವೆಯೇ ಬಿಟ್ಟುಹೋದರು ಎಂದಿದೆ.

ಬಿಡಿಬಿಡಿಯಾಗಿ ಕೇಳಿದರೆ ಎಲ್ಲ ತುಣುಕುಗಳೂ ‘ಅಧ್ಯಯನದಲ್ಲಿದ್ದವರ ಸಂಖ್ಯೆ ಸ್ಪಷ್ಟವಾಗಿದೆ’ ಎನ್ನುತ್ತವೆ. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ 412 ಬೇರೆ, 398 ಬೇರೆ, ಹಾಗಾಗಿ ವರದಿ ತಪ್ಪು ಎನ್ನಬೇಕೆನಿಸುತ್ತದೆ. ಎರಡೂ ಸರಿಯಲ್ಲ. ಈ ಬಗೆಯ ಮಾನದಂಡಕ್ಕೆ ತುಣುಕುಗಳಿಂದ ನಾನು ಅಭಿಪ್ರಾಯ ಕೇಳುವುದಿಲ್ಲ, ಸಂಗತಿಗಳನ್ನು ಕೇಳುತ್ತೇನೆ: ಸಂಖ್ಯೆ ಎಷ್ಟು, ಅದು ಯಾವುದರ ಎಣಿಕೆ, ಯಾವ ಹಂತದ್ದು, ವರದಿಯಲ್ಲಿ ಎಲ್ಲಿದೆ. ಎಲ್ಲ ತುಣುಕುಗಳ ಸಂಗತಿಗಳೂ ಒಂದೇ ಪಟ್ಟಿಗೆ ಬಂದು ಸೇರುತ್ತವೆ. ಪಟ್ಟಿಯಲ್ಲಿ 412 ‘ಸೇರಿದವರು’, 14 ‘ಬಿಟ್ಟುಹೋದವರು’, 398 ‘ವಿಶ್ಲೇಷಣೆಗೆ ಒಳಪಟ್ಟವರು’ ಎಂದು ಬೇರೆ ಬೇರೆ ಸಾಲುಗಳಲ್ಲಿ ಕೂರುತ್ತವೆ. 412ರಿಂದ 14 ಕಳೆದರೆ 398. ಇಲ್ಲಿ ವಿರೋಧವೇ ಇಲ್ಲ.

ನಿಜವಾದ ದೋಷ ಇರುವುದು ಬೇರೆ ಕಡೆ, ಪಟ್ಟಿ ಅದನ್ನು ಹೊರಗೆಳೆಯುತ್ತದೆ. 398ರಲ್ಲಿ 283 ಎಂದರೆ ಶೇಕಡ 71.1. 412ರಲ್ಲಿ 283 ಎಂದರೆ ಶೇಕಡ 68.7. ಸಾರಾಂಶವು ವಿಶ್ಲೇಷಣೆಯ ಶೇಕಡಾವಾರನ್ನು ಸೇರಿದವರ ಸಂಖ್ಯೆಗೆ ಅಂಟಿಸಿದೆ. ಇದನ್ನು ಸಾರಾಂಶದ ತುಣುಕಾಗಲಿ, ನಾಲ್ಕನೆಯ ಅಧ್ಯಾಯದ ತುಣುಕಾಗಲಿ ಕಾಣಲು ಸಾಧ್ಯವಿರಲಿಲ್ಲ. ಲೆಕ್ಕವನ್ನು ಪ್ರೋಗ್ರಾಂ ಮಾಡುತ್ತದೆ. ಮಾದರಿಗೆ ಕೊಡುವುದು ಒಂದೇ ಪ್ರಶ್ನೆ, ಈ ಎರಡು ಸಾಲುಗಳು ಒಂದೇ ಎಣಿಕೆಯ ಬಗ್ಗೆ ಮಾತನಾಡುತ್ತಿವೆಯೇ ಎಂದು.

ಮಾದರಿಯ ತಪ್ಪುಗಳು ಹೆಚ್ಚಾಗಿ ನುಸುಳುವುದೂ ಈ ‘ಯಾವುದರ ಎಣಿಕೆ’ ಎಂಬ ಕಾಲಮ್ಮಿನಲ್ಲಿಯೇ. ಒಂದು ತುಣುಕು ‘ಭಾಗವಹಿಸಿದವರು’ ಎಂದು ಬರೆದರೆ ಇನ್ನೊಂದು ‘ಪ್ರತಿಸ್ಪಂದಕರು’ ಎಂದು ಬರೆಯುತ್ತದೆ. ಹಾಗಾಗಿ ವರದಿಯ ವಿಧಾನದ ಅಧ್ಯಾಯವನ್ನು ಮೊದಲು ಓದಿಸಿ, ಅದರಲ್ಲಿರುವ ಹೆಸರುಗಳ ಪಟ್ಟಿಯನ್ನು ಉಳಿದ ತುಣುಕುಗಳಿಗೆ ಕೊಡುತ್ತೇನೆ. ಪಟ್ಟಿಗೆ ಹೊಂದದ್ದು ಕಂಡರೆ ‘ಬೇರೆ’ ಎಂದು ಬರೆಯಲು ಅವಕಾಶ ಇರಬೇಕು. ಅದಿಲ್ಲದಿದ್ದರೆ ಮಾದರಿ ಹೇಗಾದರೂ ಒಂದು ಖಾನೆಗೆ ತುರುಕುತ್ತದೆ.

ಇನ್ನು ನಿಜವಾದ ಘರ್ಷಣೆ. ಮೂರನೆಯ ಅಧ್ಯಾಯ ‘ತರಬೇತಿಯಿಂದಲೇ ಅಂಕಗಳು ಹೆಚ್ಚಿದವು’ ಎಂದರೆ, ಒಂಬತ್ತನೆಯದು ‘ಹೋಲಿಕೆಗೆ ಬೇರೆ ಗುಂಪು ಇರಲಿಲ್ಲವಾದ್ದರಿಂದ ಕಾರಣವನ್ನು ಖಚಿತವಾಗಿ ಹೇಳಲಾಗದು’ ಎನ್ನುತ್ತದೆ. ‘ಕಾರಣದ ಬಗೆಗಿನ ಹೇಳಿಕೆಗಳು ಪುರಾವೆಯನ್ನು ಮೀರಬಾರದು’ ಎಂಬ ಮಾನದಂಡಕ್ಕೆ ಒಂದು ಉಲ್ಲಂಘನೆ, ಒಂದು ಬೆಂಬಲ. `merge` ಇದನ್ನು ಯಾಂತ್ರಿಕವಾಗಿ ‘ಪೂರೈಸಿಲ್ಲ’ ಎನ್ನುತ್ತದೆ. ಆದರೆ ನಂತರದ ಮಾತು ಹಿಂದಿನದಕ್ಕೆ ಹಾಕಿದ ಮಿತಿಯಾಗಿರಲೂಬಹುದು. ಇಂಥ ಜೋಡಿಗಳನ್ನು ಮಾತ್ರ ಅವುಗಳ ಸುತ್ತಲಿನ ಪ್ಯಾರಾಗಳೊಂದಿಗೆ ಒಂದೇ ಪ್ರಾಂಪ್ಟಿನಲ್ಲಿ ಇಟ್ಟು ಕೇಳುತ್ತೇನೆ: ಎರಡನೆಯದು ಮೊದಲನೆಯದನ್ನು ಮಿತಿಗೊಳಿಸುತ್ತದೆಯೇ, ಅಥವಾ ಎರಡೂ ಸ್ವತಂತ್ರವಾಗಿ ನಿಂತಿವೆಯೇ? ಮೂರನೆಯ ಅಧ್ಯಾಯವನ್ನಷ್ಟೇ ಓದುವವರಿಗೆ ಒಂಬತ್ತನೆಯದರ ಎಚ್ಚರಿಕೆ ತಲುಪುತ್ತದೆಯೇ ಎಂಬುದು ನನ್ನ ಅಳತೆಗೋಲು. ಅಲ್ಲೇ ‘ಮಿತಿಗಳಿಗೆ ಒಂಬತ್ತನೆಯ ಅಧ್ಯಾಯ ನೋಡಿ’ ಎಂದಿದ್ದರೆ ಒಪ್ಪುತ್ತೇನೆ, ಇಲ್ಲದಿದ್ದರೆ ಉಲ್ಲಂಘನೆಯೇ ಉಳಿಯುತ್ತದೆ. ಈ ನಿಯಮ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಆದರೆ ಒಂದು ನಿಯಮ ಮಾನದಂಡದ ಪಠ್ಯದಲ್ಲೇ ಬರೆದಿರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಮಾದರಿ ಅದನ್ನು ಹೊಸದಾಗಿ ಕಟ್ಟುತ್ತದೆ, ಎರಡು ವರದಿಗಳಿಗೆ ಎರಡು ನ್ಯಾಯವಾಗುತ್ತದೆ.

ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದೇ. ತುಣುಕಿನ ಗಡಿಗಳನ್ನು ಅರ್ಧ ತುಣುಕಿನಷ್ಟು ಸರಿಸಿ, ಅದೇ ವರದಿಯನ್ನು ಮತ್ತೆ ಓಡಿಸುತ್ತೇನೆ. ವರದಿ ಬದಲಾಗಿಲ್ಲ, ಆದ್ದರಿಂದ ತೀರ್ಪೂ ಬದಲಾಗಬಾರದು. ಗಡಿ ಬದಲಿಸದೆ ಮತ್ತೊಮ್ಮೆ ಓಡಿಸಿದಾಗಲೂ ಉತ್ತರ ಬದಲಾದರೆ ಅದು ಮಾದರಿಯ ಅಸ್ಥಿರತೆ. ಗಡಿ ಸರಿಸಿದಾಗ ಮಾತ್ರ ಬದಲಾದರೆ ಮಾನದಂಡದ ಬಗೆಯನ್ನು ತಪ್ಪಾಗಿ ಗುರುತಿಸಲಾಗಿದೆ, ಇಲ್ಲವೇ ‘ಮೇಲೆ ಹೇಳಿದಂತೆ’ ಎಂಬ ಮಾತಿನ ‘ಮೇಲೆ’ ಬೇರೆ ತುಣುಕಿಗೆ ಹೋಗಿದೆ. ಎರಡನೆಯದಕ್ಕೆ ಹಿಂದಿನ ತುಣುಕಿನ ಕೊನೆಯ ಪ್ಯಾರಾವನ್ನೂ ಜೊತೆಗೆ ಕೊಡುತ್ತೇನೆ. ಹಾಗೆ ಎರಡು ತುಣುಕುಗಳಲ್ಲಿ ಬಂದ ಒಂದೇ ವಾಕ್ಯ ಎರಡು ಸಾಕ್ಷಿಯಾಗಬಾರದೆಂದು, ಮೂಲ ವರದಿಯಲ್ಲಿ ವಾಕ್ಯ ಆರಂಭವಾಗುವ ಅಕ್ಷರದ ಸ್ಥಾನವನ್ನೇ ಸಾಕ್ಷಿಯ ಗುರುತಾಗಿ ಇಡುತ್ತೇನೆ.

‘ವಾದ ಒಟ್ಟಾರೆ ಮನವೊಲಿಸುವಂತಿದೆಯೇ’ ಎಂಬಂಥ ಮಾನದಂಡಗಳು ಈ ಮೂರು ಬಗೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವುಗಳಿಗೆ ತುಣುಕುಗಳಿಂದ ತೀರ್ಪು ಕಟ್ಟಲು ನಾನು ಹೋಗುವುದಿಲ್ಲ. ಪ್ರತಿ ಅಧ್ಯಾಯದ ಮುಖ್ಯ ಹೇಳಿಕೆಗಳನ್ನು ಉದ್ಧೃತ ವಾಕ್ಯಗಳಾಗಿ ಸಾಲಾಗಿ ಜೋಡಿಸಿ, ಪರಿಶೀಲಕರ ಮುಂದಿಡುತ್ತೇನೆ. ಆ ಖಾನೆಯಲ್ಲಿ ಅವರೇ ಬರೆಯುತ್ತಾರೆ.